ಚಹಾಕ್ಕೆ ನಿಷೇಧ, ಡಬ್ಬಿಗೆ ಸ್ವಾಗತ

ಬಳ್ಳಾರಿಯ ಜಿಮ್ಮುಗಳಲ್ಲಿ ಹೊಸ ಮಡಿ ಶುರುವಾಗಿದೆ. ಸ್ನಾಯುವಿನ ಬಲ ಹೆಚ್ಚಲಿ ಅಂತ ಕುಡಿಯುವ ಕ್ರಿಯಾಟಿನ್ ಪುಡಿ ತಗೊಂಡವರು ಚಹಾ ಮುಟ್ಟುವ ಹಾಗಿಲ್ಲ. ಎರಡಕ್ಕೂ ನಾಲ್ಕು ಗಂಟೆ ಅಂತರ ಇರಬೇಕಂತೆ. ಕಟ್ಟುನಿಟ್ಟಿನವರು ಆರು ಗಂಟೆ ಅಂತಾರೆ. ಮಂಡಾಳು ಒಗ್ಗರಣೆಗೆ ಮಾತ್ರ ಅಡ್ಡಿಯಿಲ್ಲ. ಎಣ್ಣೆಯಲ್ಲಿ ಮುಳುಗೆದ್ದ ನಾಲ್ಕು ಮಿರ್ಚಿ ಹೊಟ್ಟೆಗಿಳಿದರೂ ಮೈಕಟ್ಟಿಗೆ ಏನೂ ಆಗಲ್ಲ, ಅರ್ಧ ಕಪ್ ಚಹಾ ಇಳಿದರೆ ಸಾಧನೆಯೆಲ್ಲ ನೀರುಪಾಲು!

ಹೊಸ ಹುಡುಗನೊಬ್ಬ ಧೈರ್ಯ ಮಾಡಿ ಕೇಳಿದ: "ಯಾಕಣ್ಣ, ಚಾ ಕುಡಿದ್ರ ಏನಾಗ್ತೈತಿ?"

"ಚಾದಾಗಿನ ಕೆಫೀನು ಕ್ರಿಯಾಟಿನ್ನ ಕಟ್ ಮಾಡ್ತೈತಿ. ಸೈಂಟಿಸ್ಟ್‌ಗಳೇ ಹೇಳ್ಯಾರ," ಅಂದರು ಕೋಚ್.

ಸೈಂಟಿಸ್ಟ್‌ಗಳು ಹೇಳಿದ್ದೇನೋ ನಿಜ. ಯಾವಾಗ, ಏನು ಅಂತ ಮಾತ್ರ ಯಾರೂ ಕೇಳಲಿಲ್ಲ. 1996ರಲ್ಲಿ ಬೆಲ್ಜಿಯಂನಲ್ಲಿ ಒಂದು ಪ್ರಯೋಗ ನಡೆಯಿತು. ಅದರಲ್ಲಿದ್ದವರು ಒಂಬತ್ತು ಗಂಡಸರು. ಅವರಿಗೆ ಆರು ದಿನ, ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಅರ್ಧ ಗ್ರಾಂ ಕ್ರಿಯಾಟಿನ್ ಕೊಟ್ಟರು. ಒಂದು ಸರದಿಯಲ್ಲಿ ಕೊನೆಯ ಮೂರು ದಿನ ಕೆ.ಜಿ.ಗೆ 5 ಮಿಲಿಗ್ರಾಂ ಕೆಫೀನನ್ನೂ ಸೇರಿಸಿದರು. ಬರೀ ಕ್ರಿಯಾಟಿನ್ ತಗೊಂಡಾಗ ಕಾಲಿನ ಬಲ ಹೆಚ್ಚಿತು. ಕೆಫೀನು ಸೇರಿದಾಗ ಹೆಚ್ಚಲಿಲ್ಲ.

70 ಕೆ.ಜಿ.ಯ ಹುಡುಗನಿಗೆ ಈ ಲೆಕ್ಕ ಹಾಕಿ ನೋಡಿ. ದಿನಕ್ಕೆ 35 ಗ್ರಾಂ ಕ್ರಿಯಾಟಿನ್, 350 ಮಿಲಿಗ್ರಾಂ ಕೆಫೀನು. ನಮ್ಮ ಹುಡುಗರು ತಗೊಳ್ಳೋದು ದಿನಕ್ಕೆ ಮೂರರಿಂದ ಐದು ಗ್ರಾಂ ಕ್ರಿಯಾಟಿನ್. ನಮ್ಮ ಅಂಗಡಿಯ ಪುಟ್ಟ ಲೋಟದ ಚಹಾದಲ್ಲಿ ಮೂವತ್ತು ಮಿಲಿಗ್ರಾಂ ಕೆಫೀನು ಇದ್ದರೆ ಅದೇ ದೊಡ್ಡದು. ಬೆಲ್ಜಿಯಂನವರ ಮಟ್ಟ ಮುಟ್ಟೋಕೆ ಹತ್ತು ಹನ್ನೆರಡು ಲೋಟ ಬೇಕು. ಅಷ್ಟು ಕುಡಿದವನಿಗೆ ಕ್ರಿಯಾಟಿನ್ ಚಿಂತೆಗಿಂತ ಅಂಗಡಿಯವನ ಖಾತೆ ಚಿಂತೆಯೇ ಜಾಸ್ತಿ ಆಗಿರುತ್ತೆ.

ಇನ್ನೂ ಮುಖ್ಯವಾದದ್ದು ಬೇರೆ ಇದೆ. ಆ ಪ್ರಯೋಗದಲ್ಲೇ ಸ್ನಾಯುವಿನೊಳಗೆ ಅಳೆದು ನೋಡಿದಾಗ, ಕೆಫೀನು ಇರಲಿ ಬಿಡಲಿ, ಕ್ರಿಯಾಟಿನ್ ಫಾಸ್ಫೇಟ್, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ರೂಪದ ಕ್ರಿಯಾಟಿನ್, ಏರಿತ್ತು. ಅಂದರೆ ಕ್ರಿಯಾಟಿನ್ ಎಲ್ಲೂ 'ಕಟ್' ಆಗಿರಲಿಲ್ಲ, ಸೇರಬೇಕಾದ ಕಡೆ ಸೇರಿತ್ತು. ಮತ್ತೆ ಬಲ ಯಾಕೆ ಹೆಚ್ಚಲಿಲ್ಲ? ಅದೇ ದೇಶದವರು 2002ರಲ್ಲಿ ಒಂದು ಸುಳಿವು ಕೊಟ್ಟರು. ಬಿಗಿಯಾದ ಸ್ನಾಯು ಸಡಿಲವಾಗಬೇಕಾದರೆ ಒಳಗಿನ ಕ್ಯಾಲ್ಸಿಯಂ ತನ್ನ ಗೂಡಿಗೆ ಮರಳಬೇಕು. ಕ್ರಿಯಾಟಿನ್ ಈ ಸಡಿಲಿಕೆಯನ್ನು ಸ್ವಲ್ಪ ಬೇಗ ಮಾಡಿಸುತ್ತೆ. ದಿನಾ ಜಾಸ್ತಿ ಕೆಫೀನು ತಗೊಂಡರೆ ಆ ಲಾಭ ಅಳಿಸಿ ಹೋಗಬಹುದು. ಜಗಳ ಇದ್ದರೆ ಅಲ್ಲಿರಬಹುದು, ಲೋಟದಲ್ಲಂತೂ ಅಲ್ಲ. ತಮಾಷೆ ಅಂದರೆ ತೊಂಬತ್ತರ ದಶಕದ ಶುರುವಿನಲ್ಲಿ ಕ್ರಿಯಾಟಿನ್‌ಗೆ ಹೆಸರು ತಂದ ಕೆಲವು ಪ್ರಯೋಗಗಳಲ್ಲಿ ಪುಡಿಯನ್ನು ಕರಗಿಸಿ ಕೊಟ್ಟಿದ್ದೇ ಬಿಸಿ ಚಹಾ, ಕಾಫಿಯಲ್ಲಿ.

ಆಮೇಲಿನ ಪ್ರಯೋಗಗಳಲ್ಲಿ, ಮೊದಲೇ ಕ್ರಿಯಾಟಿನ್ ತುಂಬಿಸಿಕೊಂಡವರು ಓಟಕ್ಕೆ ಮುಂಚೆ ಒಂದು ಸಲ ಕೆಫೀನು ತಗೊಂಡಾಗ ಇನ್ನೂ ಹೆಚ್ಚು ಹೊತ್ತು ಓಡಿದರು. 2016ರಲ್ಲಿ ಐದು ದಿನ ಎರಡನ್ನೂ ಜೊತೆಗೇ ಕೊಟ್ಟು ನೋಡಿದಾಗಲೂ ನಷ್ಟ ಕಾಣಲಿಲ್ಲ. ಆದರೆ ಆ ಐದು ದಿನದಲ್ಲಿ ಬರೀ ಕ್ರಿಯಾಟಿನ್‌ನಿಂದಲೂ ಎದ್ದು ಕಾಣುವ ಲಾಭ ಸಿಗಲಿಲ್ಲ. ಹಾಗಾಗಿ ಅದನ್ನೂ ಕೊನೆಯ ತೀರ್ಪು ಅನ್ನೋಕಾಗಲ್ಲ. ಕೆಲವರಿಗೆ ಎರಡನ್ನೂ ಒಟ್ಟಿಗೆ ಕುಡಿದರೆ ಹೊಟ್ಟೆ ಗುಡುಗುಡು ಅನ್ನುತ್ತೆ. ಅಂಥವರು ಬೇರೆ ಬೇರೆ ಹೊತ್ತಿಗೆ ತಗೊಂಡರಾಯಿತು. ಕ್ರಿಯಾಟಿನ್‌ಗೆ ದಿನಾ ತಪ್ಪದಿರುವುದು ಮುಖ್ಯ, ಮುಹೂರ್ತ ಬೇಕಿಲ್ಲ.

ಈಗ ಕೋಚ್ ಹತ್ತಿರ ಬರೋಣ. ಚಹಾ ಬಿಡಿಸಿದ ಹುಡುಗನಿಗೆ ಅವರೇ ಒಂದು ಡಬ್ಬಿ ಮಾರಿದರು, ಕಸರತ್ತಿಗೆ ಮುಂಚೆ ಕುಡಿಯೋ ಪ್ರೀ-ವರ್ಕೌಟ್ ಪುಡಿ ಅಂತ. ಹುಡುಗ ಓದು ಬಲ್ಲವನು, ಅದೇ ತೊಂದರೆ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿತ್ತು: ಒಂದು ಚಮಚಕ್ಕೆ ಕ್ರಿಯಾಟಿನ್ 3 ಗ್ರಾಂ, ಕೆಫೀನು 300 ಮಿಲಿಗ್ರಾಂ. ಎರಡೂ ಒಂದೇ ಡಬ್ಬಿಯಲ್ಲಿ, ನಾಲ್ಕು ಗಂಟೆ ಇರಲಿ, ನಾಲ್ಕು ಇಂಚಿನ ಅಂತರವೂ ಇಲ್ಲದೆ!

"ಅಣ್ಣ, ಇದರೊಳಗ ಕೆಫೀನ್ ಐತಲ್ಲ?"

"ಅದು ಇಂಪೋರ್ಟೆಡ್ ಕೆಫೀನಪ್ಪ. ಅದು ಕಟ್ ಮಾಡಂಗಿಲ್ಲ."

ಹುಡುಗ ರಾತ್ರಿ ಎಂಟಕ್ಕೆ ಜಿಮ್ಮಿಗೆ ಬರುವವನು. ಏಳೂವರೆಗೆ ಒಂದು ಚಮಚ ಕಲಸಿ ಕುಡಿಯುತ್ತಾನೆ. ಕೆಫೀನಿನ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು. ಹಾಗಾಗಿ ಮಧ್ಯರಾತ್ರಿ ದಾಟಿದರೂ ಅವನ ಮೈಯಲ್ಲಿ ಐದಾರು ಲೋಟ ಚಹಾದಷ್ಟು ಕೆಫೀನು ಉಳಿದಿರುತ್ತೆ. ನಿದ್ದೆ ಬರಲ್ಲ, ಸುಮ್ನೆ ಫ್ಯಾನ್ ನೋಡ್ತಾ ಮಲಗಿರ್ತಾನೆ. ಮೈ ತುಂಬೋಕೆ ನಿದ್ದೆ ಬೇಕು ಅಂತ ಕೋಚ್‌ಗೆ ಹೇಳಿ ನೋಡಿ. ಅದಕ್ಕೂ ಅವರ ಹತ್ತಿರ ಒಂದು ಡಬ್ಬಿ ಇದೆ.