ಫ್ಯೂಚರ್ಸ್ ಮೇಲಿದ್ದರೆ ಮಾರ್ಕೆಟ್ ಏರುತ್ತೆ ಅನ್ನೋರಿಗೆ

ಬೆಳಿಗ್ಗೆ ಗಾಂಧಿ ಬಜಾರಿನ ಹತ್ತಿರ ಕಾಫಿ ಕುಡೀತಾ ಇದ್ದೆ. ಪಕ್ಕದ ಟೇಬಲ್ಲಿನವರು ಫೋನ್ ಎತ್ತಿ ತೋರಿಸಿ, 'ನಿಫ್ಟಿ ಫ್ಯೂಚರ್ಸ್ ಇಂಡೆಕ್ಸಿಗಿಂತ 130 ಪಾಯಿಂಟ್ ಮೇಲಿದೆ ನೋಡ್ರೀ, ದೊಡ್ಡೋರಿಗೆ ಏನೋ ಗೊತ್ತಿದೆ' ಅಂದರು. ನನಗೆ ತಡೀಲಿಲ್ಲ. ಅಲ್ಲಿ ಬಾಯಿ ಮುಚ್ಚಿಕೊಂಡೆ, ಇಲ್ಲಿ ಬರೀತಿದ್ದೇನೆ.

ಸ್ವಾಮಿ, ಅದು ಬಡ್ಡಿ! ಫ್ಯೂಚರ್ಸ್ ಅಂದರೆ ಮುಂದಿನ ಒಂದು ದಿನದ ವ್ಯವಹಾರಕ್ಕೆ ಇವತ್ತೇ ರೇಟು ಕಟ್ಟಿಕೊಳ್ಳೋ ಒಪ್ಪಂದ. ಇವತ್ತು ಅಡಿಕೆ ಕೊಂಡು ಗೋಡೌನಿನಲ್ಲಿಟ್ಟು ತಿಂಗಳ ಮೇಲೆ ಕೊಡುವವನು ಹಾಕಿದ ದುಡ್ಡಿನ ಬಡ್ಡಿ ಬಿಟ್ಟು ರೇಟು ಹೇಳ್ತಾನಾ? 50 ದೊಡ್ಡ ಕಂಪನಿ ಷೇರುಗಳ ನಿಫ್ಟಿ ಇಂಡೆಕ್ಸ್ 24,000 ಇದೆ ಅನ್ನಿ. ಒಪ್ಪಂದ ಮುಗಿಯೋ ದಿನಕ್ಕೆ, ಅಂದರೆ ಎಕ್ಸ್‌ಪೈರಿಗೆ, 30 ದಿನ, ಬಡ್ಡಿ ವರ್ಷಕ್ಕೆ 6.5%. ಲೆಕ್ಕ ಹಾಕಿದರೆ 128 ಪಾಯಿಂಟ್ ಬರುತ್ತೆ. ಫ್ಯೂಚರ್ಸ್ ಮತ್ತು ಇಂಡೆಕ್ಸಿನ ಈ ಅಂತರಕ್ಕೇ ಬೇಸಿಸ್ ಅನ್ನೋದು. ಎಕ್ಸ್‌ಪೈರಿ ಹತ್ತಿರ ಬಂದ ಹಾಗೆ ತಾನಾಗೇ ಕರಗುತ್ತೆ.

ಅಂತರ 220 ಆಯಿತು ಅಂತಿಟ್ಟುಕೊಳ್ಳಿ. ಆರ್ಬಿಟ್ರೇಜ್ ಮಾಡುವವರು ಇದಕ್ಕೇ ಕಾಯ್ತಿರ್ತಾರೆ. 50 ಕಂಪನಿ ಷೇರುಗಳನ್ನೂ ಇಂಡೆಕ್ಸಿನಲ್ಲಿರುವ ತೂಕದಲ್ಲೇ ಕೊಳ್ತಾರೆ, ಅದೇ ಹೊತ್ತಿಗೆ 24,220ಕ್ಕೆ ಫ್ಯೂಚರ್ಸ್ ಮಾರ್ತಾರೆ. ಕೊನೆಯ ದಿನ ಇಂಡೆಕ್ಸ್ 23,500ಕ್ಕೆ ಬಿತ್ತು ಅನ್ನಿ. ಷೇರಿನಲ್ಲಿ 500 ಹೋಯಿತು, ಫ್ಯೂಚರ್ಸಿನಲ್ಲಿ 720 ಬಂತು, ಕೈಯಲ್ಲಿ 220. ಏರಿದ್ದರೂ ಅಷ್ಟೇ. ಬಡ್ಡಿ ಕಳೆದರೆ 92 ಉಳೀತು. ಫ್ಯೂಚರ್ಸ್ ಲೆಕ್ಕ ಮುಗಿಯೋದು ಕೊನೆಯ ಅರ್ಧ ಗಂಟೆಯ ಸರಾಸರಿ ಮೇಲೆ, ಹಾಗಾಗಿ ಷೇರುಗಳನ್ನೂ ಅದೇ ಅರ್ಧ ಗಂಟೆಯಲ್ಲಿ ಸ್ವಲ್ಪಸ್ವಲ್ಪವಾಗಿ ಮಾರ್ತಾರೆ. ಇಂಥವರು ನೂರು ಜನ ಹೀಗೆ ಮಾಡಿದರೆ ಷೇರು ಮೇಲಕ್ಕೆ, ಫ್ಯೂಚರ್ಸ್ ಕೆಳಕ್ಕೆ ಬಂದು ಅಂತರ ಮತ್ತೆ ಬಡ್ಡಿಯ ಹತ್ತಿರಕ್ಕೆ ಬರುತ್ತೆ. ಮಾರ್ಕೆಟ್ ಎತ್ತ ಹೋಗುತ್ತೆ ಅನ್ನೋ ಚಿಂತೆಯೇ ಇವರಿಗಿಲ್ಲ, ಅಲ್ವಾ?

ಆದರೆ ಆ 92 ಪೂರ್ತಿ ಜೇಬಿಗಲ್ಲ. ಡೆಲಿವರಿ ಷೇರು ಕೊಳ್ಳುವಾಗ 0.1%, ಮಾರುವಾಗ 0.1% ಎಸ್‌ಟಿಟಿ ತೆರಿಗೆ. ಅಲ್ಲಿಗೇ ಸುಮಾರು 48 ಪಾಯಿಂಟ್ ಹೋಯಿತು. ಅದಕ್ಕೇ ಅಂತರ 140, 150 ಆದರೆ ಯಾರೂ ಮುಟ್ಟೋಲ್ಲ.

'ಹಾಗಾದ್ರೆ 2020ರ ಮಾರ್ಚಿನಲ್ಲಿ ಫ್ಯೂಚರ್ಸ್ ಇಂಡೆಕ್ಸಿಗಿಂತ ಕೆಳಗಿತ್ತಲ್ಲ, ಅದು ಭಯ ಅಲ್ವಾ?' ಅಂತ ಕೇಳ್ತೀರಿ. ಭಯವೇ, ಒಪ್ಪಿದೆ. ಆದರೆ ಅದು ಬೇಗ ಸರಿಹೋಗದಿದ್ದದ್ದಕ್ಕೆ ಕಾರಣ ಬೇರೆ. ಉಲ್ಟಾ ಆಟಕ್ಕೆ 50 ಕಂಪನಿ ಷೇರನ್ನೂ ಸಾಲ ತಂದು ಮಾರಬೇಕು. ನಮ್ಮಲ್ಲಿ ಅಷ್ಟು ಷೇರು ಸಾಲಕ್ಕೆ ಸುಲಭವಾಗಿ ಸಿಗೋಲ್ಲ. ಮೊದಲೇ ಷೇರು ಇಟ್ಟುಕೊಂಡವರು ಮಾತ್ರ ಅದನ್ನ ಮಾರಿ ಫ್ಯೂಚರ್ಸ್ ಕೊಳ್ಳಬಹುದು. ಮೇಲಕ್ಕೆ ಹೋದದ್ದನ್ನ ಎಳೆಯುವಷ್ಟು ಬಲ ಕೆಳಕ್ಕೆ ಹೋದದ್ದನ್ನ ಎತ್ತೋದಕ್ಕಿಲ್ಲ.

ಇಷ್ಟೆಲ್ಲಾ ಹೇಳ್ತಿರೋ ನಾನೂ ಒಂದು ಜೂನ್‌ನಲ್ಲಿ, ಇಲ್ಲಿ ಮಳೆ ಹಿಡಿದು ಕರೆಂಟ್ ಹೋಗಿ ಬರ್ತಿದ್ದಾಗ, ಫ್ಯೂಚರ್ಸ್ ಇಂಡೆಕ್ಸಿಗಿಂತ ಕೆಳಗಿದೆ ಅಂತ ಸೋವಿ ಸಿಕ್ಕ ಹಾಗೆ ಕೊಂಡೆ. ಡಿವಿಡೆಂಡ್ ಕಾಲ ಅದು. ಕಂಪನಿಗಳು ಡಿವಿಡೆಂಡ್ ಕೊಟ್ಟ ಹಾಗೆ ಷೇರಿನ ಬೆಲೆ ಅಷ್ಟು ಇಳಿಯುತ್ತೆ, ಇಂಡೆಕ್ಸೂ ಇಳಿಯುತ್ತೆ, ಫ್ಯೂಚರ್ಸ್ ರೇಟಿನಲ್ಲಿ ಅದನ್ನ ಮೊದಲೇ ಕಳೆದಿರ್ತಾರೆ. ಷೇರು ಇದ್ದವರಿಗೆ ಡಿವಿಡೆಂಡ್ ಬಂತು, ನನಗೆ ಬ್ರೋಕರ್ ಬಿಲ್ ಬಂತು.