ಬ್ಯಾಡ್ಜಪ್ಪನವರ ಎದೆ ಸಾಲುತ್ತಿಲ್ಲ

ಬ್ಯಾಡ್ಜಪ್ಪನವರು ಲಿಂಕ್ಡ್‌ಇನ್‌ನಲ್ಲಿ ಮತ್ತೆ ಪುಳಕಗೊಂಡಿದ್ದಾರೆ. ವಾರಕ್ಕೆರಡು ಸಲ ಅವರಿಗೆ ಹೀಗಾಗುತ್ತದೆ. ‘ಈ ಸುದ್ದಿ ಹಂಚಿಕೊಳ್ಳಲು ಹೆಮ್ಮೆ, ಅಷ್ಟೇ ವಿನಯ’ ಎಂದು ಪೋಸ್ಟ್ ಶುರು. ವಿನಯದ ಕೆಳಗೆ ಆರು ಮೂಲೆಯ ಒಂದು ಚಿತ್ರ, ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಡಿಜಿಟಲ್ ಬ್ಯಾಡ್ಜ್. ಅದರ ತುಂಬ ನೀಲಿ ರಿಬ್ಬನ್ನು, ಮೂರು ನಕ್ಷತ್ರ, ನಡುವೆ ‘ಲೀಡರ್‌ಶಿಪ್ ಎಕ್ಸಲೆನ್ಸ್’. ಅದರ ಕೆಳಗೆ ‘ಕಂಗ್ರಾಟ್ಸ್ ಸರ್’ಗಳ ಸಾಲು. ಸಾಲಿನಲ್ಲಿ ನಿಂತವರಿಗೂ ನಾಳೆ ಬ್ಯಾಡ್ಜ್ ಬರುವುದಿದೆ. ಮುಯ್ಯಿಗೆ ಮುಯ್ಯಿ.

ಬ್ಯಾಡ್ಜಪ್ಪ ಅನ್ನೋದು ನಾನಿಟ್ಟ ಹೆಸರು. ನಿಮ್ಮ ಆಫೀಸಿನಲ್ಲೂ ಅವರಿದ್ದಾರೆ. ಹುಡುಕಿದರೂ ಸಿಗಲಿಲ್ಲ ಅಂದರೆ ನಿಮ್ಮದೇ ಪ್ರೊಫೈಲನ್ನು ಒಮ್ಮೆ ತೆರೆದು ನೋಡಿಕೊಳ್ಳಿ.

ಈ ಬ್ಯಾಡ್ಜುಗಳ ಹಿಂದಿರುವ ತಂತ್ರಜ್ಞಾನ ಮಾತ್ರ ಪಾಪದ್ದು, ಪ್ರಾಮಾಣಿಕವಾದದ್ದು. 2011ರಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾದವರು ‘ಓಪನ್ ಬ್ಯಾಡ್ಜಸ್’ ಅಂತ ಒಂದು ಯೋಜನೆ ಘೋಷಿಸಿದರು. ಚಿತ್ರದ ಫೈಲಿನ ಒಳಗೇ ಮಾಹಿತಿ ಅಡಗಿಸುವುದು ಅದರ ಉಪಾಯ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಏನು ಮಾಡಿದ್ದಕ್ಕೆ ಕೊಟ್ಟರು, ಎಲ್ಲ ಆ PNG ಫೈಲಿನಲ್ಲೇ ಇರುತ್ತದೆ, ಇಲ್ಲವೇ ಅದು ಸಿಗುವ ಕೊಂಡಿ ಇರುತ್ತದೆ. ಇದಕ್ಕೆ ‘ಬೇಕಿಂಗ್’ ಅನ್ನುತ್ತಾರೆ. ಪಡೆದವರ ಇಮೇಲನ್ನು ನೇರವಾಗಿ ಬರೆಯದೆ, ಸಾಲ್ಟ್ ಅನ್ನುವ ನಾಲ್ಕಾರು ಅಕ್ಷರ ಅದಕ್ಕೆ ಅಂಟಿಸಿ, ಹ್ಯಾಶ್ ಮಾಡಿ, ಅಂದರೆ ಮತ್ತೆ ಬಿಡಿಸಲಾಗದ ಸಂಕೇತವಾಗಿಸಿ ಇಡಬಹುದು. ‘ಈ ಬ್ಯಾಡ್ಜ್ ನನ್ನದು’ ಅಂತ ಯಾರಾದರೂ ಬಂದರೆ ಅವರ ಇಮೇಲ್ ಕೇಳಿ, ನಮ್ಮ ಕಂಪ್ಯೂಟರಿನಲ್ಲೇ ತಾಳೆ ನೋಡಬಹುದು:

```
strings badge.png | grep openbadges
printf '%s' 'name@example.comSALT' | sha256sum
```

ಮೊದಲ ಸಾಲು ಚಿತ್ರದೊಳಗೆ ಮಾಹಿತಿ ಇದೆಯೋ ಇಲ್ಲವೋ ಹೇಳುತ್ತದೆ. ಇಮೇಲಿನ ಕೊನೆಗೆ ಬ್ಯಾಡ್ಜಿನಲ್ಲಿರುವ ಸಾಲ್ಟ್ ಅಂಟಿಸಿ ಎರಡನೆಯದನ್ನು ಓಡಿಸಿದರೆ ಉದ್ದನೆಯ ಒಂದು ಸಂಖ್ಯೆ ಬರುತ್ತದೆ. ಬ್ಯಾಡ್ಜಿನಲ್ಲಿ `identity` ಎಂಬಲ್ಲಿ `sha256$` ಆದ ಮೇಲೆ ಇರುವುದೂ ಅದೇ ಆದರೆ ಬ್ಯಾಡ್ಜ್ ಆ ಇಮೇಲಿನವರದ್ದೇ. ಎರಡು ನಿಮಿಷದ ಕೆಲಸ.

ಬ್ಯಾಡ್ಜಪ್ಪನವರು ಹಾಕಿದ್ದು ಸ್ಕ್ರೀನ್‌ಶಾಟ್. ಬ್ಯಾಡ್ಜನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಫೋಟೋ ಹೊಡೆದು, ಅಂಚು ಕತ್ತರಿಸಿ, ಹಿಂದೆ ಒಂದು ಸೂರ್ಯೋದಯ ಸೇರಿಸಿ ಹಾಕಿದ್ದಾರೆ. ಸ್ಕ್ರೀನ್‌ಶಾಟಿಗೆ ಒಳಗಿನ ಮಾಹಿತಿ ಬರುವುದಿಲ್ಲ. ಉಳಿದದ್ದು ರಿಬ್ಬನ್ನು, ನಕ್ಷತ್ರ ಮತ್ತು ಸೂರ್ಯೋದಯ. ಲೈಕ್ ಬೀಳುವುದೂ ಅವಕ್ಕೇ ಬಿಡಿ.

ಪೋಸ್ಟ್ ಹಾಗಿರಲಿ, ಪ್ರೊಫೈಲಿನಲ್ಲಿ Licenses & certifications ಅಂತ ಒಂದು ಭಾಗವಿದೆ ಅಲ್ವಾ? ಅಲ್ಲಿ ಹೊಸದು ಸೇರಿಸಲು ಹೊರಟರೆ ಒಂದು ಫಾರ್ಮ್ ಬರುತ್ತದೆ. ಹೆಸರು, ಕೊಟ್ಟ ಸಂಸ್ಥೆ, ಕೊಟ್ಟ ತಿಂಗಳು, ಮುಗಿಯುವ ತಿಂಗಳು, Credential ID, Credential URL. ನಕ್ಷತ್ರ ಚಿಹ್ನೆ ಇರುವುದು, ಅಂದರೆ ತುಂಬಲೇಬೇಕಾದ್ದು, ಮೊದಲ ಎರಡು ಮಾತ್ರ. ಸಂಸ್ಥೆಯ ಹೆಸರನ್ನು ಟೈಪ್ ಮಾಡುತ್ತಿದ್ದಂತೆ ಕೆಳಗೆ ಪಟ್ಟಿ ಇಳಿಯುತ್ತದೆ. ಆರಿಸಿದರೆ ಆ ಸಂಸ್ಥೆಯ ಲೋಗೋ ತಾನೇ ಬಂದು ಪಕ್ಕದಲ್ಲಿ ಕೂರುತ್ತದೆ. ‘ಈ ಮನುಷ್ಯ ನಿಮಗೆ ಗೊತ್ತಾ?’ ಅಂತ ಆ ಸಂಸ್ಥೆಯನ್ನು ಯಾರೂ ಕೇಳುವುದಿಲ್ಲ. ಲೋಗೋ ಬಂದ ಮೇಲೆ ಕೇಳುವುದೇನಿದೆ, ಶಂಖದಿಂದ ಬಿದ್ದದ್ದು ತೀರ್ಥ.

URL ಕೊಟ್ಟರೆ ಅದರ ಕೆಳಗೆ Show credential ಎಂಬ ಗುಂಡಿ ಮೂಡುತ್ತದೆ. ಇಡೀ ಪ್ರೊಫೈಲಿನಲ್ಲಿ ಇಷ್ಟು ಗಂಭೀರವಾಗಿ ಕಾಣುವ, ಇಷ್ಟು ಕಡಿಮೆ ಜನ ಒತ್ತುವ ಗುಂಡಿ ಇನ್ನೊಂದಿರಲಾರದು. ಒಂದು ಭಾನುವಾರ ನಾನು ಕೂತು ಬ್ಯಾಡ್ಜಪ್ಪನವರ ಗುಂಡಿಗಳನ್ನೆಲ್ಲ ಒತ್ತುತ್ತಾ ಹೋದೆ. ಬೇರೆ ಕೆಲಸವಿರಲಿಲ್ಲ.

ಮೊದಲನೆಯದು ಗೂಗಲ್ ಡ್ರೈವಿಗೆ ಹೋಯಿತು. ‘ನಿಮಗೆ ಅನುಮತಿ ಇಲ್ಲ, ಬೇಕಿದ್ದರೆ ಕೇಳಿ’ ಅಂದಿತು. ಊರಿಗೆಲ್ಲ ತೋರಿಸಲು ಇಟ್ಟ ಸರ್ಟಿಫಿಕೇಟನ್ನು ಬೀಗ ಹಾಕಿ ಇಟ್ಟಿದ್ದಾರೆ. ಇನ್ನೊಂದು, ಕೋರ್ಸ್ ಮಾಡಿಸಿದ ಕಂಪನಿಯ ಮುಖಪುಟಕ್ಕೆ ಹೋಯಿತು. ಅಲ್ಲಿ ಬ್ಯಾಡ್ಜಪ್ಪನವರ ಸುದ್ದಿಯಿಲ್ಲ, ಆದರೆ ಅದೇ ಕೋರ್ಸಿಗೆ ಈ ವಾರ ರಿಯಾಯಿತಿ ಇತ್ತು. ಮತ್ತೊಂದರ ವಿಳಾಸವೇ ಮಾರಾಟಕ್ಕಿತ್ತು. ಸರ್ಟಿಫಿಕೇಟ್ ಕೊಟ್ಟ ಸಂಸ್ಥೆ ಮುಚ್ಚಿ, ಅದರ ಡೊಮೈನ್ ಕೊಳ್ಳುವವರಿಗಾಗಿ ಕಾಯುತ್ತಿದೆ. ಹಳೆಯ ಓಪನ್ ಬ್ಯಾಡ್ಜುಗಳ ದೊಡ್ಡ ಸಂಕಟ ಇದು. ಬ್ಯಾಡ್ಜ್ ಅಸಲಿಯೋ ಅಂತ ನೋಡಬೇಕಾದರೆ ಬಹಳಷ್ಟು ಸಲ ಕೊಟ್ಟವರ ಸರ್ವರನ್ನೇ ಕೇಳಬೇಕು. ಸರ್ವರ್ ಸತ್ತರೆ ಅದರ ಬ್ಯಾಡ್ಜುಗಳೂ ಅನಾಥ.

ಒಂದು ಮಾತ್ರ ನೆಟ್ಟಗೆ ಬ್ಯಾಡ್ಜುಗಳನ್ನು ಇಡುವ ತಾಣವಾದ ಕ್ರೆಡ್ಲಿಯ ಪುಟಕ್ಕೆ ಹೋಯಿತು. ಬ್ಯಾಡ್ಜಪ್ಪನವರ ಹೆಸರಿತ್ತು, ಕೊಟ್ಟ ದಿನವಿತ್ತು. ಅಮೆಜಾನಿನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನ ಕ್ಲೌಡ್ ಪ್ರಾಕ್ಟಿಷನರ್. ನಿಜವಾದ ಪರೀಕ್ಷೆ ಅದು: 65 ಪ್ರಶ್ನೆ, 90 ನಿಮಿಷ, ಸಾವಿರಕ್ಕೆ 700 ಬಂದರೆ ಪಾಸು. ಭೇಷ್ ಅನ್ನುವಷ್ಟರಲ್ಲಿ ಅವಧಿ ಮುಗಿದಿದೆ ಅಂತ ಕಂಡಿತು. ಅದಕ್ಕಿರುವುದು ಮೂರು ವರ್ಷದ ಆಯಸ್ಸು. ಪ್ರೊಫೈಲಿನಲ್ಲಿ ‘ಮುಗಿಯುವ ತಿಂಗಳು’ ಖಾಲಿ ಬಿಟ್ಟಿದ್ದಾರೆ, ಹಾಗಾಗಿ ಅಲ್ಲಿ ಅದು ಚಿರಂಜೀವಿ. ಇಡೀ ರಾಶಿಯಲ್ಲಿ ಓದಿ ಬರೆದು ಗಳಿಸಿದ್ದು ಇದೊಂದೇ. ಅದನ್ನು ಅವರು ಪಟ್ಟಿಯ ತಳಕ್ಕೆ ತಳ್ಳಿದ್ದರು, ಅದರ ಬಣ್ಣ ಅಷ್ಟು ಚೆನ್ನಾಗಿಲ್ಲ.

ಇನ್ನು ‘ಲೀಡರ್‌ಶಿಪ್ ಎಕ್ಸಲೆನ್ಸ್’. ಇದರ ಪುಟವೂ ಚೆನ್ನಾಗಿ ತೆರೆಯಿತು. ವೆರಿಫೈಡ್ ಅಂತ ಹಸಿರು ಟಿಕ್ಕು. ಪ್ರತಿ ಬ್ಯಾಡ್ಜಿನೊಳಗೂ `criteria` ಅಂತ ಒಂದು ಜಾಗವಿರುತ್ತದೆ, ಏನು ಮಾಡಿದರೆ ಇದು ಸಿಗುತ್ತದೆ ಅಂತ ಕೊಟ್ಟವರು ಅಲ್ಲಿ ಬರೆಯಬೇಕು. ಬರೆದಿದ್ದರು: 40 ನಿಮಿಷದ ವಿಡಿಯೋ ಪೂರ್ತಿ ನೋಡಬೇಕು, ಕೊನೆಯಲ್ಲಿ ಅಭಿಪ್ರಾಯ ಪತ್ರ ತುಂಬಬೇಕು. ಸುಳ್ಳೇನೂ ಇಲ್ಲ ನೋಡಿ. ಬ್ಯಾಡ್ಜ್ ಅಸಲಿ, ಹೆಸರು ಅಸಲಿ, ವಿಡಿಯೋ ನೋಡಿದ್ದೂ ಅಸಲಿ. ಅದೇ ಹೊತ್ತಿನಲ್ಲಿ ಅವರು ಊಟ ಮಾಡುತ್ತಿದ್ದರು ಅನ್ನುವುದು ಮಾತ್ರ ಬ್ಯಾಡ್ಜಿನಲ್ಲಿ ದಾಖಲಾಗಿಲ್ಲ.

ಪರೀಕ್ಷೆ ಇಡಿ, ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಲಿಂಕ್ಡ್‌ಇನ್ ತಾನೇ 2019ರಿಂದ ಸ್ಕಿಲ್ ಅಸೆಸ್‌ಮೆಂಟ್ ನಡೆಸಿತ್ತು. ಮೇಲಿನ ಶೇ 30ರೊಳಗೆ ಬಂದವರಿಗೆ ಬ್ಯಾಡ್ಜ್. ನಮ್ಮ ಜನ ಎಷ್ಟು ಪರೋಪಕಾರಿಗಳೆಂದರೆ ಪ್ರಶ್ನೆಗಳನ್ನೂ ಉತ್ತರಗಳನ್ನೂ ಪ್ರೋಗ್ರಾಮರುಗಳು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್‌ನಲ್ಲಿ ಸಾಲಾಗಿ ಜೋಡಿಸಿಟ್ಟರು. ಉತ್ತರ ತಪ್ಪಿದ್ದರೆ ತಿದ್ದಲು ಇನ್ನೊಬ್ಬ ಪರೋಪಕಾರಿ ಬರುತ್ತಿದ್ದ. ತಂಡದಲ್ಲಿ ಕೆಲಸ ಮಾಡುವ ಕೌಶಲಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಾ? 2023ರಲ್ಲಿ ಆ ಅಸೆಸ್‌ಮೆಂಟಿಗೆ ಬಾಗಿಲು ಹಾಕಿದರು.

ಈಗ ಬಂದಿರುವುದು ಹೊಸ ಪೀಳಿಗೆ, ‘ವೆರಿಫೈಯಬಲ್ ಕ್ರೆಡೆನ್ಷಿಯಲ್’. ವೆಬ್ಬಿನ ನಿಯಮ ಬರೆಯುವ ಡಬ್ಲ್ಯೂ3ಸಿ 2019ರಲ್ಲಿ ಇದರ ಮಾದರಿಯನ್ನು ಅಂಗೀಕರಿಸಿತು. ಓಪನ್ ಬ್ಯಾಡ್ಜಸ್ 3.0 ಕೂಡ ಇದರ ಮೇಲೆಯೇ ನಿಂತಿದೆ. ಕೊಟ್ಟವರು ತಮ್ಮ ಗುಪ್ತ ಕೀಲಿಯಿಂದ ಡಿಜಿಟಲ್ ಸಹಿ ಹಾಕುತ್ತಾರೆ, ಅವರ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದಕ್ಷರ ಬದಲಾದರೂ ಸಿಕ್ಕಿಬೀಳುತ್ತದೆ.

ಇದೇನೋ ದೂರದ ವಿಷಯ ಅಂದುಕೊಳ್ಳಬೇಡಿ, ನಿಮ್ಮ ಫೋನಿನಲ್ಲೂ ಒಂದಿರಬಹುದು. ಕೊರೊನಾ ಲಸಿಕೆಯ ಸರ್ಟಿಫಿಕೇಟ್ ನೆನಪಿದೆಯಾ? ಕೋವಿನ್‌ನವರು ಕೊಟ್ಟ ಆ ಕ್ಯೂಆರ್ ಕೋಡಿನಲ್ಲಿ ಇದ್ದದ್ದು ಇದೇ ಮಾದರಿಯ, ಸಹಿ ಹಾಕಿದ ದಾಖಲೆ. 2021ರ ಡಿಸೆಂಬರಿನಲ್ಲಿ ಕರ್ನಾಟಕದಲ್ಲಿ ಮಾಲ್, ಥಿಯೇಟರಿಗೆ ಹೋಗಲು ಎರಡು ಡೋಸ್ ಕಡ್ಡಾಯ ಮಾಡಿದರು. ಬಾಗಿಲಲ್ಲಿ ಸೆಕ್ಯುರಿಟಿಯವರು ಅದನ್ನು ಸ್ಕ್ಯಾನ್ ಮಾಡಿದ್ದನ್ನು ನಾನಂತೂ ಕಾಣೆ. ಜನ ಫೋನ್ ಎತ್ತಿ ತೋರಿಸುತ್ತಿದ್ದರು, ಅವರು ಪ್ರಧಾನಿಯವರ ಫೋಟೋ ನೋಡಿ ‘ಹೋಗಿ ಸರ್’ ಅನ್ನುತ್ತಿದ್ದರು.

ಇನ್ನು ಆ ಸಹಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದಕ್ಕೆ ನಮ್ಮಜ್ಜಿಯನ್ನೇ ತೆಗೆದುಕೊಳ್ಳಿ. ಅಜ್ಜಿಗೆ ಲ್ಯಾಪ್‌ಟಾಪಿನಲ್ಲಿ ಒಂದು ಜೊತೆ ಕೀಲಿ ಮಾಡಿಕೊಟ್ಟರೆ, ಆ ಬಹಿರಂಗ ಕೀಲಿಯಿಂದಲೇ `did:key:` ಅಂತ ಶುರುವಾಗುವ ಗುರುತು ಹುಟ್ಟುತ್ತದೆ. ಎಲ್ಲೂ ನೋಂದಣಿ ಬೇಡ, ಯಾರ ಅಪ್ಪಣೆಯೂ ಬೇಡ. ಅಜ್ಜಿ ಈಗ ಅಧಿಕೃತವಾಗಿ ‘ಇಷ್ಯೂವರ್’. ಸೊಸೆಗೆ ‘ಉಪ್ಪಿನಕಾಯಿ ಪ್ರವೀಣೆ’ ಅಂತ ಬ್ಯಾಡ್ಜ್ ಕೊಟ್ಟು ಸಹಿ ಹಾಕಿದರೆ, ಪರೀಕ್ಷಿಸುವ ತಂತ್ರಾಂಶ ಸಹಿ ಸರಿಯಿದೆ, ತಿದ್ದುಪಡಿ ಆಗಿಲ್ಲ, ಅವಧಿ ಇದೆ ಅಂತ ಒಂದಾದ ಮೇಲೊಂದು ಟಿಕ್ ಹಾಕುತ್ತದೆ. ಈ ಅಜ್ಜಿ ಯಾರು, ಇವರ ಮಾತಿಗೆ ಎಷ್ಟು ಬೆಲೆ ಅಂತ ಅದು ಹೇಳುವುದಿಲ್ಲ. ಹೇಳಲು ಅದಕ್ಕೆ ಗೊತ್ತೂ ಇಲ್ಲ. ಯಾವ ಕೀಲಿಗಳನ್ನು ನಂಬಬೇಕು ಅನ್ನುವ ಪಟ್ಟಿಯನ್ನು ಪರೀಕ್ಷಿಸುವವರೇ ಇಟ್ಟುಕೊಂಡಿರಬೇಕು. ಆ ಪಟ್ಟಿ ಇಟ್ಟುಕೊಂಡ ಎಚ್‌ಆರ್ ಒಬ್ಬರು ಸಿಕ್ಕರೆ ನನಗೂ ತಿಳಿಸಿ.

ಆದರೂ ಅಜ್ಜಿಯ `criteria` ಓದಿ: ‘ಮೂರು ಮಳೆಗಾಲ ಕಳೆದರೂ ಜಾಡಿಯಲ್ಲಿ ಬೂಸು ಹಿಡಿದಿರಬಾರದು. ಜಾಡಿಯನ್ನು ನಾನೇ ತೆಗೆದು ನೋಡುತ್ತೇನೆ.’ ಬ್ಯಾಡ್ಜಪ್ಪನವರ ಸಂಗ್ರಹದಲ್ಲಿ ಇಷ್ಟು ಬಿಗಿಯಾದ್ದು ಒಂದಾದರೂ ಇದ್ದರೆ ನಾನು ಈ ಅಂಕಣ ಬರೆಯುವುದನ್ನೇ ಬಿಡುತ್ತೇನೆ.

ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಪಕ್ಕದಲ್ಲೇ ಇನ್ನೊಂದು ಟಿಕ್ಕು ಬರುತ್ತದೆ. ಇಲ್ಲಿ ಡಿಜಿಲಾಕರ್ ಮೂಲಕ ಆಧಾರ್ ತೋರಿಸಿ ಅದನ್ನು ಪಡೆಯಬಹುದು. ಅದು ಹೇಳುವುದು ಈ ಮನುಷ್ಯ ಈ ಹೆಸರಿನವನೇ ಅಂತ, ಅಷ್ಟೇ. ಬ್ಯಾಡ್ಜಪ್ಪನವರು ಅದನ್ನೂ ಮಾಡಿಸಿದ್ದಾರೆ. ನೋಡುವವರು ಆ ಒಂದು ಟಿಕ್ಕನ್ನು ಕೆಳಗಿನ ಇಡೀ ಪಟ್ಟಿಗೆ ಹಂಚಿಬಿಡುತ್ತಾರೆ. ಆಧಾರ್ ಸರಿಯಿದ್ದ ಮೇಲೆ ಲೀಡರ್‌ಶಿಪ್ಪೂ ಸರಿಯಿರಲೇಬೇಕಲ್ಲ!

ಕೊನೆಗೆ ಬ್ಯಾಡ್ಜಪ್ಪನವರಿಗೆ ಒಂದು ಇಂಟರ್‌ವ್ಯೂ ಕರೆ ಬಂತು. ಕರೆದವರು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ‘ಲೀಡರ್‌ಶಿಪ್’ ಅನ್ನುವ ಪದ ಹಾಕಿ ಹುಡುಕಿದ್ದರು, ಇವರು ಬಂದಿದ್ದರು. ಎರಡು ಸುತ್ತು ಮುಗಿದ ಮೇಲೆ ಎಚ್‌ಆರ್ ಮೇಡಂ ಫೋನ್ ಮಾಡಿದರು.

“ಸರ್, ಸೋಮವಾರ ಬರುವಾಗ ಎಲ್ಲ ಸರ್ಟಿಫಿಕೇಟ್‌ಗಳ ಒರಿಜಿನಲ್, ಜೊತೆಗೆ ಒಂದು ಸೆಟ್ ಜೆರಾಕ್ಸ್ ತನ್ನಿ.”

“ಮೇಡಂ, ಅವೆಲ್ಲ ಡಿಜಿಟಲ್ ಬ್ಯಾಡ್ಜ್‌ಗಳು. ಲಿಂಕ್ ಇದೆ, ನೀವೇ ಕ್ಲಿಕ್ ಮಾಡಿ ವೆರಿಫೈ ಮಾಡಬಹುದು.”

“ಲಿಂಕ್ ಎಲ್ಲ ನಮ್ಮ ಸಿಸ್ಟಂನಲ್ಲಿ ಬ್ಲಾಕ್ ಸರ್.”

“ಹಾಗಾದ್ರೆ ಒರಿಜಿನಲ್ ಅಂತ ಏನು ತರಲಿ ಮೇಡಂ?”

ಮೇಡಂ ಫೋನ್ ಮ್ಯೂಟ್ ಮಾಡಿ ಯಾರನ್ನೋ ಕೇಳಿಕೊಂಡು ಬಂದರು.

“ಒಂದು ಕೆಲಸ ಮಾಡಿ ಸರ್. ಎಲ್ಲಾನೂ ಕಲರ್ ಪ್ರಿಂಟ್ ತೆಗೆಸಿ. ಪ್ರತಿಯೊಂದರ ಮೇಲೂ ನೀವೇ ಒಂದು ಸೈನ್ ಹಾಕಿಬಿಡಿ, ಸಾಕು.”