ವಿಶ್ ಮಾಡಿದ್ದಾ, ಸಾಲ ಕೊಟ್ಟಿದ್ದಾ?

ಈಗಷ್ಟೇ ಒಂದು ಗ್ರೂಪ್‌ನಲ್ಲಿ ರಂಪ ನೋಡಿ ಬಂದೆ. ಒಬ್ಬರು ಬೆಳಿಗ್ಗೆ ಇನ್ನೊಬ್ಬರಿಗೆ ಹುಟ್ಟುಹಬ್ಬದ ವಿಶ್ ಕಳಿಸಿದ್ದರಂತೆ. ಸಂಜೆಯಾದರೂ ಉತ್ತರ ಇಲ್ಲವಂತೆ. "ಬ್ಲೂ ಟಿಕ್ ಬಂದಿದೆ, ನೋಡಿಯೂ ಸುಮ್ಮನಿದ್ದಾರೆ, ಈಗ ದೊಡ್ಡ ಮನುಷ್ಯರಾಗಿದ್ದಾರೆ ಅಲ್ವಾ" ಅಂತ ಎಲ್ಲರ ಎದುರೇ ಕೊಂಕು. ಪಾಪ, ಹುಟ್ಟಿದ ದಿನವೇ ಬೈಸಿಕೊಂಡರು.

ಶುಭಾಶಯ ಹೇಳಿ ಸಂಜೆಗೆ ವಸೂಲಿಗೆ ನಿಲ್ಲೋದು ಯಾವ ಸೀಮೆ ಪ್ರೀತಿ? ಬ್ಲೂ ಟಿಕ್ ಹೇಳೋದು ಚಾಟ್ ತೆರೆದರು ಅನ್ನೋದನ್ನಷ್ಟೇ. ಕೂತು ಉತ್ತರ ಬರೆಯೋಷ್ಟು ಬಿಡುವಿತ್ತು ಅಂತ ಅಲ್ಲ. ರೀಡ್ ರಿಸೀಟ್ ಆಫ್ ಮಾಡಿಟ್ಟವರು ಓದಿದ ಮೇಲೂ ಟಿಕ್ ಬೂದು ಬಣ್ಣದಲ್ಲೇ ಇರುತ್ತದೆ. ಅವರ ಮೇಲೆ ಯಾರಿಗೂ ಸಿಟ್ಟಿಲ್ಲ, ನೋಡಿ!

ನನ್ನ ಲೆಕ್ಕ ಹೇಳ್ತೀನಿ. ನೂರು ಜನಕ್ಕೆ ಫಾರ್ವರ್ಡ್ ಮಾಡಿದ ಹೂವಿನ ಚಿತ್ರಕ್ಕೆ ಉತ್ತರ ಕೊಡಲೇಬೇಕು ಅಂತಿಲ್ಲ. ಹೆಸರು ಹಿಡಿದು ಬರೆದ ಹುಟ್ಟುಹಬ್ಬದ ವಿಶ್‌ಗೆ ಒಂದು ವಾರ ಕೊಡಿ, ಯಾಕೆಂದರೆ ಆ ದಿನ ಎಲ್ಲರ ಮೆಸೇಜೂ ಒಟ್ಟಿಗೇ ಬಂದು ಬೀಳುತ್ತವೆ. "ಹೇಗಿದ್ದೀಯಾ?" ಅಂತ ಕೇಳಿದ್ದರೆ ಎರಡು ಮೂರು ದಿನ. ಅದೂ ದಾಟಿದರೆ ಇನ್ನೊಮ್ಮೆ ಕೇಳಿ, ಆದರೆ ಕೊಂಕಿಲ್ಲದೆ.

"ಒಂದು ಥ್ಯಾಂಕ್ಸ್ ಹಾಕೋಕೆ ಎರಡು ಸೆಕೆಂಡ್ ಸಾಕಲ್ವಾ?" ಅಂತ ಕೇಳುವವರಿದ್ದಾರೆ. ಸಾಕು ಸ್ವಾಮಿ. ಪರಿಚಯ ಅಷ್ಟಕ್ಕಷ್ಟೇ ಇರುವವರಿಗೆ ಎರಡು ಸೆಕೆಂಡಿನಲ್ಲೇ ಕೈಮುಗಿದ ಇಮೋಜಿ ಹೋಗುತ್ತದೆ. ತಡ ಆಗೋದು ಹತ್ತಿರದವರಿಗೇ. ಇವಳಿಗೆ ಸರಿಯಾಗಿ ಬರೆಯೋಣ, ರಾತ್ರಿ ಬರೆಯೋಣ ಅಂತ ಎತ್ತಿಟ್ಟದ್ದು ಹಾಗೇ ಕೆಳಗೆ ಜಾರಿ ಹೋಗುತ್ತದೆ. ಆಮೇಲೆ ತಡವಾಯ್ತಲ್ಲ ಅನ್ನೋ ಮುಜುಗರಕ್ಕೇ ಇನ್ನೂ ತಡ.

ಸರಿ, ಮೂರು ವಾರ ಆಗೇ ಹೋಯ್ತು, ಈಗೇನು ಮಾಡೋದು? ದಯವಿಟ್ಟು ಕ್ಷಮೆಯ ಪ್ರಬಂಧ ಬರೆಯಬೇಡಿ. ಕೆಲಸ, ಜ್ವರ, ನೆಟ್‌ವರ್ಕ್ ಅಂತ ಹತ್ತು ಸಾಲು ಬರೆದರೆ ಆ ಕಡೆಯವರೇ "ಅಯ್ಯೋ ಪರವಾಗಿಲ್ಲ" ಅಂತ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಹಳೇ ಮೆಸೇಜನ್ನು ಒತ್ತಿ ಹಿಡಿದು ರಿಪ್ಲೈ ಆರಿಸಿ, ಆಗ ಯಾವುದಕ್ಕೆ ಉತ್ತರ ಅಂತ ಅವರೂ ತಡಕಾಡಬೇಕಿಲ್ಲ. ಆಮೇಲೆ ಇಷ್ಟು ಸಾಕು: "ನಿನ್ನ ವಿಶ್ ಓದಿ ಖುಷಿ ಆಗಿತ್ತು ಕಣೇ, ಉತ್ತರ ಮಾತ್ರ ಈಗ ಬರ್ತಿದೆ. ಆ ಹಳೇ ಫೋಟೋ ಎಲ್ಲಿ ಸಿಕ್ತು ನಿಂಗೆ? ಹೊಸ ಕೆಲಸ ಹೇಗಿದೆ?" ತಡ ಅನ್ನೋದು ಅರ್ಧ ವಾಕ್ಯದಲ್ಲಿ ಮುಗೀತು. ಫೋಟೋ ವಿಷಯ ಬಂದಿದ್ದರಿಂದ ನಿಜವಾಗಿ ಓದಿದ್ದು ಗೊತ್ತಾಯ್ತು. ಕೊನೆಯ ಪ್ರಶ್ನೆಯಿಂದ ಮಾತು ಮುಂದಕ್ಕೆ ಹೋಯ್ತು.

ಒಂದೇ ಒಂದು ಕಡೆ ಇದು ನಡೆಯಲ್ಲ. ವಿಶ್ ಜೊತೆ "ಭಾನುವಾರ ಸಿಗ್ತೀಯಾ?" ಅಂತಲೂ ಇದ್ದು, ಆ ಭಾನುವಾರ ಕಳೆದೇ ಹೋಗಿದ್ದರೆ ನೆಟ್ಟಗೆ ಸಾರಿ ಕೇಳಿ, ಬೇರೆ ದಿನ ನೀವೇ ಹೇಳಿ. ಉಳಿದಂತೆ ಮೂರು ತಿಂಗಳಾದರೂ ಬರೆಯಿರಿ. ಜಾಸ್ತಿ ಅಂದರೆ "ಬದುಕಿದ್ದೀಯಾ?" ಅಂತ ಕೇಳ್ತಾರೆ. ಹ್ಞೂಂ ಅನ್ನಿ.